ಬಡೇಸೋಪಿನ ತಟ್ಟೆಯ ದುಡ್ಡು

ಬಿಲ್ಲಿನ ಜೊತೆ ಬರುವ ಬಡೇಸೋಪಿನ ತಟ್ಟೆಯಲ್ಲಿ ನಾವು ಬಿಟ್ಟು ಏಳುವ ಇಪ್ಪತ್ತು ರೂಪಾಯಿ ಯಾರದು? ಬಡಿಸಿದವನದು ಎಂದು ಯಾರಾದರೂ ಹೇಳುತ್ತಾರೆ. ಆದರೆ ನಾವು ಮೆಚ್ಚಿದ್ದು ಎಣಗಾಯಿ ಪಲ್ಯವನ್ನು. ಅದನ್ನು ಮಾಡಿದಾಕೆ ಒಳಗೆ ಒಲೆಯ ಮುಂದಿದ್ದಾಳೆ. ತಾಟು ಥಳಥಳ ಹೊಳೆಯುವಂತೆ ತಿಕ್ಕಿದವನು ಹಿತ್ತಲಲ್ಲಿದ್ದಾನೆ. ಅವರಿಬ್ಬರ ಮುಖವನ್ನು ನಾವು ಕಂಡೇ ಇಲ್ಲ.

ನಮ್ಮ ಚಿಕ್ಕನರಗುಂದದಲ್ಲಿ ಈ ಪ್ರಶ್ನೆ ಏಳುವುದಿಲ್ಲ, ಚಹಾ ಕುಡಿದು ಯಾರೂ ಭಕ್ಷೀಸು ಕೊಡುವುದಿಲ್ಲ. ಮಳೆ ಕೈಕೊಟ್ಟ ವರ್ಷ ಹುಬ್ಬಳ್ಳಿಯ ಹೋಟೆಲುಗಳಿಗೆ ದುಡಿಯಲು ಹೋದ ಹುಡುಗರ ಮನೆಗಳಲ್ಲಿ ಮಾತ್ರ ಅದು ಏಳುತ್ತದೆ. ಅಂಥ ಒಬ್ಬ ಹುಡುಗನ ತಾಯಿ ನನಗೆ ಹೇಳಿದ್ದು: “ತಾಟ ತೊಳ್ಯಾಂವಗ ಯಾರ್ ಕೊಡತಾರ್ರೀ ಅಕ್ಕಾರ? ಡಬ್ಬಿ ಇಟ್ಟಾರಂತ, ಅದಕ್ಕ ಇವಗೂ ನಾಕ ರೂಪಾಯಿ ಬರ್ತಾವು.”

ಆ ಡಬ್ಬಿಯ ಲೆಕ್ಕ ಹೀಗಿರಬಹುದು. ಹನ್ನೆರಡು ಜನ ದುಡಿಯುವ ಹೋಟೆಲು: ನಾಲ್ವರು ಸಪ್ಲೈಯರು, ನಾಲ್ವರು ಅಡಿಗೆಯವರು, ನಾಲ್ವರು ಕ್ಲೀನರು. ತಿಂಗಳ ಕೊನೆಗೆ ಡಬ್ಬಿಯಲ್ಲಿ 24,000 ರೂಪಾಯಿ ಇದೆ ಎನ್ನೋಣ. ಸಮಪಾಲಾದರೆ ತಲೆಗೆ 2,000. ಪಾಯಿಂಟಿನ ಪದ್ಧತಿಯಲ್ಲಿ ಸಪ್ಲೈಯರಿಗೆ ಮೂರು, ಅಡಿಗೆಯವನಿಗೆ ಎರಡು, ಕ್ಲೀನರಿಗೆ ಒಂದು ಪಾಯಿಂಟಾದರೆ, ಒಟ್ಟು ಇಪ್ಪತ್ನಾಲ್ಕು ಪಾಯಿಂಟು, ಒಂದಕ್ಕೆ 1,000. ಗಿರಾಕಿಯ ಮುನಿಸನ್ನೂ ಸಹಿಸುವವನು ನಾನೇ ಎಂದು ಸಪ್ಲೈಯರು ಮೂರು ಕೇಳುತ್ತಾನೆ. ಅದೂ ಸುಳ್ಳಲ್ಲ. ಆದರೂ ನನ್ನ ಮನಸ್ಸು ಸಮಪಾಲಿನ ಕಡೆಗೇ ವಾಲುತ್ತದೆ. ನಮ್ಮ ಮನೆಗಳಲ್ಲೂ ಬಡಿಸಿದವರಿಗೆ ಹೊಗಳಿಕೆ, ತಿಕ್ಕಿದವರಿಗೆ ಬೂದಿ ಅಲ್ಲವೇ?

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ. ಡಬ್ಬಿಯ ದುಡ್ಡು ಕೈಗೆ ಬರುತ್ತದೆ, ಪಗಾರದ ಪುಸ್ತಕಕ್ಕೆ ಬರುವುದಿಲ್ಲ. ಮೈಸೂರಿನ ಕ್ವಾಲಿಟಿ ಇನ್ ಸದರ್ನ್ ಸ್ಟಾರ್ ಹೋಟೆಲಿನ ಮೊಕದ್ದಮೆ ಈ ವಿಷಯಕ್ಕೇ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಟಿಪ್ಪಿನ ಬದಲು ಬಿಲ್ಲಿನಲ್ಲೇ ಸರ್ವಿಸ್ ಚಾರ್ಜ್ ಸೇರಿಸಿ, ನೌಕರರಿಗೆ ಹಂಚುತ್ತಿದ್ದರು. ಇದೂ ಸಂಬಳವೇ, ಇದರ ಮೇಲೂ ವಂತಿಗೆ ಕಟ್ಟಿರಿ ಎಂದು ಇಎಸ್‌ಐ ನಿಗಮ ಕೇಳಿತು. 2007ರ ಡಿಸೆಂಬರಿನಲ್ಲಿ ಬಂದ ತೀರ್ಪು ಹೋಟೆಲಿನ ಪರವಾಗಿತ್ತು: ಇದು ಗಿರಾಕಿ ಕೊಟ್ಟ ದುಡ್ಡು, ಮಾಲೀಕ ಕೊಟ್ಟ ಸಂಬಳವಲ್ಲ.

ಕಾಯಿದೆಯ ಕಣ್ಣಿಗೆ ಅದು ಸರಿಯಿರಬಹುದು. ಅಡಿಗೆಮನೆಯ ಕಣ್ಣಿಗೆ ಹೇಗೆ ಕಾಣುತ್ತದೆ ನೋಡಿ. ನಮ್ಮ ಸಪ್ಲೈಯರಿಗೆ ಸಂಬಳ 12,000, ಡಬ್ಬಿಯಿಂದ 3,000. ಹೆಂಡತಿ ಬಾಡಿಗೆ, ಹಾಲು, ಮಗುವಿನ ಫೀಜು ಎಲ್ಲವನ್ನೂ 15,000ಕ್ಕೆ ಹೊಂದಿಸಿದ್ದಾಳೆ. ಅವನಿಗೆ ಕಾಮಾಲೆಯಾಗಿ ತಿಂಗಳು ಮಲಗಿದ ಎನ್ನಿ. ಇಎಸ್‌ಐ ಕಾಯಿಲೆಯ ದಿನಗಳಿಗೆ ಸಂಬಳದ ನೂರಕ್ಕೆ 70ರಷ್ಟು ಕೊಡುತ್ತದೆ. 12,000ಕ್ಕೆ ಅದು ಸುಮಾರು 8,400. ಕೆಲಸಕ್ಕೆ ಹೋಗದ ತಿಂಗಳು ಡಬ್ಬಿಯಲ್ಲೂ ಪಾಲಿಲ್ಲ. 15,000ದ ಸಂಸಾರ 8,400ಕ್ಕೆ ಇಳಿಯಿತು. ಆ ಮೂರು ಸಾವಿರವೂ ಸಂಬಳವೆನಿಸಿದ್ದರೆ 10,500 ಬರುತ್ತಿತ್ತು. ಅದಕ್ಕೆ ಅವನು ಕಟ್ಟಬೇಕಾದ ಹೆಚ್ಚಿನ ವಂತಿಗೆ ತಿಂಗಳಿಗೆ 22 ರೂಪಾಯಿ 50 ಪೈಸೆ, ಮಾಲೀಕ ಕಟ್ಟಬೇಕಾದ್ದು 97 ರೂಪಾಯಿ 50 ಪೈಸೆ.

“ಸಂಬಳ ಕಡಿಮೆ ಇದ್ದರೇನು, ಟಿಪ್ಸ್ ಚೆನ್ನಾಗಿ ಬರ್ತದೆ” ಎಂದು ಹುಡುಗರನ್ನು ಕೆಲಸಕ್ಕೆ ಕರೆಯುವಾಗ ಹೇಳುತ್ತಾರಲ್ಲ, ಅದು ನನಗೆ ನೀತಿಗೆಟ್ಟ ಮಾತಾಗಿ ಕಾಣುವುದು ಇದಕ್ಕೇ. ಮಾಲೀಕನ ಹೊರೆಯ ಒಂದು ತುಂಡನ್ನು ನಮ್ಮ ಔದಾರ್ಯದ ತಲೆಗೆ ಕಟ್ಟಿ, ಜ್ವರ ಬಂದ ದಿನ ಇಬ್ಬರೂ ಕೈ ತೊಳೆದುಕೊಳ್ಳುತ್ತೇವೆ.

ಹಾಗಾದರೆ ಬಿಲ್ಲಿನ ಸರ್ವಿಸ್ ಚಾರ್ಜ್ ಕೊಡಬೇಕೋ ಬೇಡವೋ? ಅದು ಸರಕಾರದ ತೆರಿಗೆಯಲ್ಲ. ಜಿಎಸ್‌ಟಿ ಬೇರೆ, ಇದು ಬೇರೆ. ತಾನಾಗಿಯೇ ಬಿಲ್ಲಿಗೆ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೇಳಿತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎನ್ನುವ ಹಕ್ಕು ನಮಗಿದೆ. ಆದರೆ ಹಂಚುವ ಹೋಟೆಲಿನಲ್ಲಿ ತೆಗೆಸಿದರೆ ಕಡಿಮೆಯಾಗುವುದು ತಾಟು ತೊಳೆಯುವವನ ಪಾಲು. ಹಂಚದ ಹೋಟೆಲಿನಲ್ಲಿ ಕೊಟ್ಟರೆ ತುಂಬುವುದು ಗಲ್ಲಾ. ಬಿಲ್ಲು ನೋಡಿದರೆ ಎರಡೂ ಒಂದೇ ಥರ. ಬಡಿಸಿದ ಹುಡುಗನನ್ನು ಮೆಲ್ಲಗೆ, ಮ್ಯಾನೇಜರು ಅತ್ತ ಹೋದಾಗ, “ಇದು ನಿಮಗೆಲ್ಲ ಬರ್ತದೇನಪ್ಪ?” ಎಂದು ಕೇಳಬೇಕು. ಅವನು ಬಾಯಿ ಬಿಡುವ ಮೊದಲೇ ಮುಖ ಉತ್ತರ ಹೇಳಿರುತ್ತದೆ.

ಈಗ ಗಲ್ಲಾದ ಮೇಲೊಂದು ಚೌಕಟ್ಟಿನ ಚಿತ್ರವಿದೆ, ಫೋನು ಹಿಡಿದರೆ ದುಡ್ಡು ಹೋಗುತ್ತದೆ. ಹೋಗುವುದು ಮಾಲೀಕನ ಖಾತೆಗೆ. ಚಿಲ್ಲರೆ ಇಲ್ಲದ ನಾವು ಬಡೇಸೋಪು ಬಾಯಿಗೆ ಹಾಕಿಕೊಂಡು ಏಳುತ್ತೇವೆ, ತಟ್ಟೆ ಬರಿದೇ ಒಳಗೆ ಹೋಗುತ್ತದೆ. ಆ ತಾಯಿಯೂ ಮೊನ್ನೆ ಅದನ್ನೇ ಅಂದಳು: “ಡಬ್ಬಿ ಹಗುರಾಗೇತಂತ್ರೀ.” ಪಗಾರ ಏರಿತೇನವ್ವಾ ಎಂದೆ. ಇಲ್ಲವೆಂದು ತಲೆಯಾಡಿಸಿದಳು.