ದಕ್ಷಿಣೆಯೂ ಕೃತಜ್ಞತೆಯೂ

ಗೃಹಪ್ರವೇಶವು ಸಾಂಗವಾಗಿ ನೆರವೇರಿದ ಮೇಲೆ ಪುರೋಹಿತರಿಗೆ ನಾಲ್ಕು ಸಾಲಿನ ಕೃತಜ್ಞತಾಪತ್ರವನ್ನು ಬರೆಯಹೊರಟ ಗೃಹಸ್ಥನ ಲೇಖನಿ ಸಾಮಾನ್ಯವಾಗಿ ಒಂದೇ ಎಡೆಯಲ್ಲಿ ತಡೆಯುತ್ತದೆ. ದಕ್ಷಿಣೆಯ ಮಾತನ್ನೆತ್ತಿದರೆ ಕೂಲಿಯ ಲೆಕ್ಕವನ್ನೊಪ್ಪಿಸಿದಂತೆ ತೋರುತ್ತದೆ. ಎತ್ತದಿದ್ದರೆ ಕರ್ಮದ ಒಂದು ಮುಖ್ಯ ಅಂಗವನ್ನೇ ಮರೆತಂತಾಗುತ್ತದೆ. ಇದು ಬರವಣಿಗೆಯ ತೊಡಕಿನಂತೆ ಕಂಡರೂ ವಾಸ್ತವವಾಗಿ ಧರ್ಮವಿಚಾರದ ಪ್ರಶ್ನೆ. ದಕ್ಷಿಣೆಯು ದಾನವೋ, ವೇತನವೋ?

ನಮ್ಮ ಪೂರ್ವಿಕರು ಈ ಪ್ರಶ್ನೆಗೆ ಸಂಕೋಚವಿಲ್ಲದೆ ಉತ್ತರ ಹೇಳಿದ್ದಾರೆ. ಯಜ್ಞದಲ್ಲಿ ಋತ್ವಿಜರಿಗೆ ಕೊಡುವ ದಕ್ಷಿಣೆಯು ‘ಪರಿಕ್ರಯ’ಕ್ಕಾಗಿ, ಎಂದರೆ ಅವರ ಸೇವೆಯನ್ನು ಪಡೆದುಕೊಳ್ಳುವುದಕ್ಕಾಗಿ, ಎಂಬುದು ಮೀಮಾಂಸಕರ ಸಿದ್ಧಾಂತ. ಆದುದರಿಂದಲೇ, ಋತ್ವಿಜರೆಲ್ಲರೂ ತಾವೇ ಯಜಮಾನರಾಗಿರುವ ಸತ್ರಯಾಗದಲ್ಲಿ ದಕ್ಷಿಣೆಯಿಲ್ಲ. ತನ್ನನ್ನು ತಾನೇ ಪಡೆದುಕೊಳ್ಳುವುದು ಹೇಗೆ? ಹದಿನಾರು ಮಂದಿ ಋತ್ವಿಜರು ದಕ್ಷಿಣೆಯನ್ನು ಹಂಚಿಕೊಳ್ಳುವ ಕ್ರಮವನ್ನು ಮನುಸ್ಮೃತಿಯ 8ನೆಯ ಅಧ್ಯಾಯವು ಹೇಳುತ್ತದೆ. ದಕ್ಷಿಣೆ ನೂರು ಹಸುಗಳಾದರೆ ಮುಖ್ಯರಾದ ನಾಲ್ವರಿಗೆ ತಲಾ 12, ಅನಂತರದ ನಾಲ್ವರಿಗೆ 6, ಮುಂದಿನವರಿಗೆ 4, ಕೊನೆಯವರಿಗೆ 3 ಎಂದು ವ್ಯಾಖ್ಯಾನಕಾರರು ಲೆಕ್ಕವನ್ನು ಬಿಡಿಸಿ ತೋರಿಸಿದ್ದಾರೆ. ಪುರೋಹಿತನಿಗೂ ಸಂಸಾರವುಂಟು, ಅವನ ಶ್ರಮಕ್ಕೂ ಪ್ರಮಾಣವುಂಟು ಎಂಬುದನ್ನು ಅವರು ಮುಚ್ಚಿಡಲಿಲ್ಲ.

ಆದರೆ ಲೆಕ್ಕಕ್ಕೂ ಒಂದು ಕೊನೆಯುಂಟು. ಕರ್ಮಾಂತ್ಯದಲ್ಲಿ ಯಜಮಾನನು ತಾಂಬೂಲ ಫಲಗಳ ಮೇಲೆ ದಕ್ಷಿಣೆಯನ್ನಿರಿಸಿ, ಅಕ್ಷತೆ ನೀರುಗಳನ್ನು ಬಿಟ್ಟು, ‘ನ ಮಮ’ ಎನ್ನುತ್ತಾನೆ. ‘ಇದು ನನ್ನದಲ್ಲ’ ಎಂಬ ಈ ಮಾತಿನೊಡನೆ ದ್ರವ್ಯದ ಮೇಲಣ ಅವನ ಸ್ವತ್ವವು ಕಳಚಿಹೋಗುತ್ತದೆ. ಅತ್ತ ಸ್ವೀಕರಿಸುವವರಿಗೂ ಇದು ಹಗುರವಾದ ಕೆಲಸವಲ್ಲ. ಪ್ರತಿಗ್ರಹಕ್ಕೆ ಅರ್ಹನಾಗಿದ್ದರೂ ಅದರಲ್ಲಿ ಆಸಕ್ತನಾಗಬಾರದು, ಅದರಿಂದ ಬ್ರಹ್ಮತೇಜಸ್ಸು ಬೇಗನೆ ಕುಂದುತ್ತದೆ ಎಂದು ಅದೇ ಸ್ಮೃತಿಯು 4ನೆಯ ಅಧ್ಯಾಯದಲ್ಲಿ ಎಚ್ಚರಿಸಿದೆ. ಪುರೋಹಿತರು ಕೈನೀಡುವುದೆಂದರೆ ಯಜಮಾನನ ಕರ್ಮವನ್ನು ಪೂರ್ಣಗೊಳಿಸಲು ಒಂದು ಭಾರವನ್ನು ತಾವು ಹೊರುವುದೆಂದೇ ಅರ್ಥ. ಪತ್ರದ ತೊಡಕಿಗೆ ಪರಿಹಾರವೂ ಇಲ್ಲಿಯೇ ಇದೆ: ಕೃತಜ್ಞತೆಯನ್ನು ಹೇಳಬೇಕಾದುದು ಕೊಟ್ಟದ್ದನ್ನು ಕುರಿತಲ್ಲ, ಸ್ವೀಕರಿಸಿದುದನ್ನು ಕುರಿತು.

ಒಂದು ನಿದರ್ಶನವನ್ನು ಭಾವಿಸಿಕೊಳ್ಳಬಹುದು. ವಿಶಾಖಪಟ್ಟಣದಲ್ಲಿ ಉದ್ಯೋಗದಲ್ಲಿರುವ ಕನ್ನಡ ಕುಟುಂಬವೊಂದು, ಬೆಲ್ಲದ ಮಾರುಕಟ್ಟೆಗೆ ಹೆಸರಾದ ಅನಕಾಪಲ್ಲಿಯಲ್ಲಿ ಮನೆ ಕಟ್ಟಿಸಿತು. ಆಂಧ್ರ ಪುರೋಹಿತರೊಬ್ಬರು ಶಿಷ್ಯನೊಡನೆ ಬೆಳಗಿನ ಜಾವದಲ್ಲಿಯೇ ಬಂದು ಗೋಪೂಜೆ, ದ್ವಾರಪೂಜೆ, ಪುಣ್ಯಾಹ, ವಾಸ್ತುಹೋಮಗಳನ್ನು ನಡೆಸಿ, ಹಾಲುಕ್ಕಿಸಿ, ಮಧ್ಯಾಹ್ನದವರೆಗೆ ನಿಂತರು. ಯಜಮಾನನು ತನ್ನೂರಿನ ಅಭ್ಯಾಸದಂತೆ ಸಂಕಲ್ಪದಲ್ಲಿ ಗೋದಾವರಿಯ ದಕ್ಷಿಣತೀರವೆಂದಾಗ ಅವರು ನಸುನಕ್ಕು, ಅನಕಾಪಲ್ಲಿಯಿರುವುದು ಆ ನದಿಯ ಉತ್ತರಕ್ಕೆ ಎಂದು ತಿದ್ದಿ ಹೇಳಿಸಿದರು. ಮನೆಯ ಹಿರಿಯ ತಾಯಿಯವರಿಗೆ ನೆಲದ ಮೇಲೆ ಕುಳಿತುಕೊಳ್ಳಲಾಗದೆಂದು ಕಂಡು, ಮಣೆಯ ಬದಲು ಕುರ್ಚಿಯನ್ನು ತಾವೇ ಹಾಕಿಸಿದರು.

ಪತ್ರಕ್ಕೆ ಮೊದಲು ಆ ಗೃಹಸ್ಥನು ಮಾಡಬೇಕಾದ ಕೆಲಸವೊಂದಿದೆ. ಹೋಮದ್ರವ್ಯಗಳ ವೆಚ್ಚ, ಬಾಡಿಗೆಯ ಕಾರಿನ ಹಣ, ಮೊದಲೇ ಮಾತಾಗಿದ್ದ ಮೊತ್ತದಲ್ಲಿ ಉಳಿದುದೇನಾದರೂ ಇದ್ದರೆ ಅದು — ಇವು ಸಾಲ. ಇವನ್ನು ಅಂದೇ ಬೇರೆಯಾಗಿ ತೀರಿಸಬೇಕು. ಸಾಲವನ್ನು ಪತ್ರದೊಳಗಿಟ್ಟು ಕಳುಹಿಸಿದರೆ ಪತ್ರವು ರಸೀದಿಯಾಗುತ್ತದೆ. ಫೋನಿನ ಮೂಲಕ ಹಣವನ್ನು ಕಳುಹಿಸಿ, ಅದರ ಬೆನ್ನಿಗೇ ಧನ್ಯವಾದವನ್ನು ಬರೆದರೂ ಅಷ್ಟೇ. ದಕ್ಷಿಣೆಯ ಪ್ರಮಾಣವನ್ನೂ ಮುಂಚಿತವಾಗಿಯೇ ಆ ನೆಲದ ರೂಢಿಯನ್ನು ತಿಳಿದವರಲ್ಲಿ ವಿಚಾರಿಸುವುದು ಲೇಸು. ಕನ್ನಡಿಗರು ನೂರೊಂದು, ಸಾವಿರದೊಂದು ಎನ್ನುವಲ್ಲಿ ತೆಲುಗರು 116, 1,116 ಎನ್ನುವುದುಂಟು. ಶಿಷ್ಯನ ಪಾಲನ್ನು ಬೇರೆಯಾಗಿಯೇ ಅವನ ಕೈಗೆ ಕೊಡಬೇಕು.

ಇಷ್ಟಾದ ಮೇಲೆ ಪತ್ರವು ಹೀಗಿರಬಹುದು:

“ಬ್ರಹ್ಮಶ್ರೀ ಶಾಸ್ತ್ರಿಗಳವರ ಸನ್ನಿಧಾನಕ್ಕೆ ಸಾಷ್ಟಾಂಗ ನಮಸ್ಕಾರಗಳು. ತಾವು ಕತ್ತಲಿರುವಾಗಲೇ ದಯಮಾಡಿಸಿ, ಯಾವುದೊಂದನ್ನೂ ಅವಸರಪಡಿಸದೆ ಕರ್ಮವನ್ನು ನಡೆಸಿಕೊಟ್ಟಿರಿ. ಸಂಕಲ್ಪದಲ್ಲಿ ಈ ನೆಲದ ಹೆಸರನ್ನು ನಮ್ಮಿಂದ ಸರಿಯಾಗಿ ಹೇಳಿಸಿದಂದಿನಿಂದ ಈ ಊರು ನಮಗೆ ಪರಊರೆನಿಸುತ್ತಿಲ್ಲ. ನಮ್ಮ ತಾಯಿಯವರು ತಾವು ತೋರಿದ ಕಾಳಜಿಯನ್ನು ಪ್ರತಿದಿನವೂ ನೆನೆಯುತ್ತಾರೆ. ನಾವು ಭಕ್ತಿಯಿಂದ ಸಮರ್ಪಿಸಿದ ದಕ್ಷಿಣೆ ತಾಂಬೂಲಗಳನ್ನು ತಾವು ಸಂತೋಷದಿಂದ ಸ್ವೀಕರಿಸಿ, ಕರ್ಮವನ್ನು ಪೂರ್ಣಗೊಳಿಸಿ ಅನುಗ್ರಹಿಸಿದಿರಿ. ತಮ್ಮ ಆಶೀರ್ವಾದವು ಈ ಮನೆಯ ಮೇಲೆ ಸದಾ ಇರಲಿ.”

ಇಲ್ಲಿ ದಕ್ಷಿಣೆಯ ಮಾತು ಒಂದೇ ವಾಕ್ಯದಲ್ಲಿ, ತಾಂಬೂಲದ ಜೊತೆಗೆ, ನಾಲ್ಕನೆಯ ಸ್ಥಾನದಲ್ಲಿ ಬಂದಿದೆ. ಮೊತ್ತವಿಲ್ಲ. ವಾಕ್ಯದ ಮುಖ್ಯ ಕ್ರಿಯಾಪದವು ‘ಕೊಟ್ಟೆವು’ ಎಂಬುದಲ್ಲ, ‘ಅನುಗ್ರಹಿಸಿದಿರಿ’ ಎಂಬುದು. ಅದಕ್ಕೆ ಮೊದಲು ಬಂದಿರುವ ಸಂಗತಿಗಳು ಇನ್ನಾವ ಪುರೋಹಿತರಿಗೂ ಬರೆಯಲಾಗದಂಥವು. ಹಣ ಕೊಟ್ಟು ಪಡೆಯಲಾಗದಂಥವು. ಸಂಕಲ್ಪವನ್ನು ತಿದ್ದುವುದು ಅವರ ವಿದ್ಯೆ, ಕುರ್ಚಿಯನ್ನು ಹಾಕಿಸಿದುದು ಅವರ ಅಂತಃಕರಣ. ಇವುಗಳಿಗೆ ಬೆಲೆಯಿಲ್ಲವೆಂಬುದನ್ನು ಬಾಯಿಬಿಟ್ಟು ಹೇಳದೆಯೇ ಪತ್ರವು ತಿಳಿಸುತ್ತದೆ.

ಪತ್ರವು ಕೆಡುವ ಬಗೆಗಳೂ ಉಂಟು. ‘ಏನೋ ಕೈಲಾದಷ್ಟು ಅಲ್ಪಕಾಣಿಕೆ’ ಎಂದು ಬರೆದರೆ, ‘ಅಲ್ಪವೇನಲ್ಲ’ ಎಂದು ಪುರೋಹಿತರು ಉತ್ತರಿಸಬೇಕಾಗುತ್ತದೆ. ವಿನಯದ ವೇಷದಲ್ಲಿ ಮತ್ತೆ ಮೊತ್ತವೇ ಮಾತಿಗೆ ಬರುತ್ತದೆ. ‘ಮುಂದಿನ ಕಾರ್ಯಗಳಿಗೂ ತಮ್ಮನ್ನೇ ಕರೆಯುತ್ತೇವೆ’ ಎಂಬುದು ಆದರವೆಂದು ತೋರಿದರೂ ವ್ಯಾಪಾರದ ಭರವಸೆಯೇ. ಪದಗಳಲ್ಲಿಯೂ ಎಚ್ಚರ ಬೇಕು. ತೆಲುಗಿನಲ್ಲಿ ‘ಸಂಭಾವನ’ ಎಂಬುದು ಶುಭಕಾರ್ಯಗಳಲ್ಲಿ ಬ್ರಾಹ್ಮಣರಿಗೆ ಸಲ್ಲುವ ಗೌರವದ್ರವ್ಯ. ಕನ್ನಡದ ‘ಸಂಭಾವನೆ’ಯಾದರೋ ಇಂದು ಲೇಖಕರಿಗೂ ನಟರಿಗೂ ಕೊಡುವ ಹಣವೆಂಬ ಅರ್ಥದಲ್ಲಿಯೇ ಹೆಚ್ಚಾಗಿ ಸಲ್ಲುತ್ತಿದೆ. ‘ದಕ್ಷಿಣೆ’ ಎಂಬುದಾದರೆ ಎರಡು ಭಾಷೆಗಳಲ್ಲಿಯೂ ಒಂದೇ ಮುಖವುಳ್ಳ ಶಬ್ದ.

ಆದರೆ ಈ ನಯವೆಲ್ಲವೂ ಒಂದು ಷರತ್ತಿಗೆ ಒಳಪಟ್ಟಿದೆ. ‘ಇದು ವೇತನವಲ್ಲ’ ಎಂಬ ಮಾತು ಕಡಿಮೆ ಕೊಡುವುದಕ್ಕೆ ನೆಪವಾಗಬಾರದು. ಕಠೋಪನಿಷತ್ತಿನಲ್ಲಿ ನಚಿಕೇತನ ತಂದೆಯು ಯಜ್ಞಮಾಡಿ, ಇನ್ನು ಹುಲ್ಲು ತಿನ್ನಲಾರದ, ನೀರು ಕುಡಿಯಲಾರದ, ಹಾಲು ಬತ್ತಿದ ಮುದಿಹಸುಗಳನ್ನು ದಕ್ಷಿಣೆಯಾಗಿ ಕೊಟ್ಟುದನ್ನು ಕಂಡು ಬಾಲಕನ ಮನಸ್ಸು ಕಲಕಿತು. ಅಲ್ಲಿ ವಿಧಿಗೆ ಲೋಪವಿರಲಿಲ್ಲ. ಕೊಟ್ಟ ವಸ್ತುವಿನಲ್ಲಿ ಸತ್ಯವಿರಲಿಲ್ಲ. ಕೊರತೆಯಾಗಿ ಕೊಟ್ಟವನು ಎಷ್ಟು ಸೊಗಸಾದ ಪತ್ರವನ್ನು ಬರೆದರೂ ಅದು ಆ ಹಸುಗಳ ಕೊಂಬಿಗೆ ಕಟ್ಟಿದ ಹೂಮಾಲೆ.

ಆದುದರಿಂದ ಇಲ್ಲಿ ಕ್ರಮವೇ ನೀತಿ. ಕೊಡುವಾಗ ಮೀಮಾಂಸಕನಂತೆ ಲೆಕ್ಕಹಾಕಿ, ಅವರ ಶ್ರಮಕ್ಕೆ ಕುಂದಾಗದಂತೆ ಕೊಡಬೇಕು. ‘ನ ಮಮ’ ಎಂದ ಮೇಲೆ ಲೆಕ್ಕವನ್ನು ಅಲ್ಲಿಯೇ ಬಿಡಬೇಕು. ಆಗ ಬರೆಯಲು ಉಳಿಯುವುದು ಋಣವೊಂದೇ. ಅದನ್ನು ತೀರಿಸಲಾಗದು, ನೆನೆಯಬಹುದಷ್ಟೇ.