ಕಂಡದ್ದು ಮೇಲೆ, ತೀರ್ಮಾನ ಕೆಳಗೆ

ಕೆಲಸಕ್ಕೆ ಸೇರುವ ಮುನ್ನ ಮಾಡಿಸುವ ವೈದ್ಯಕೀಯ ತಪಾಸಣೆಯ ನಮೂನೆ ನೋಡಲು ತೀರಾ ಸಾದಾ. ಮೇಲೆ ಎತ್ತರ, ತೂಕ, ರಕ್ತದೊತ್ತಡ, ದೃಷ್ಟಿ, ಶ್ರವಣ, ಎದೆ, ಹೊಟ್ಟೆ ಎಂದು ಸಾಲುಸಾಲು ಕಾಲಂಗಳು. ಕೆಳಗೆ ಒಂದೇ ಸಾಲು: ಯೋಗ್ಯ, ಷರತ್ತಿನ ಮೇಲೆ ಯೋಗ್ಯ, ತಾತ್ಕಾಲಿಕವಾಗಿ ಅಯೋಗ್ಯ, ಅಯೋಗ್ಯ. ಒಂದಕ್ಕೆ ಗುರುತು ಹಾಕಿ ಸಹಿ ಮಾಡಿದರೆ ಮುಗಿಯಿತು. ಕಾರ್ಖಾನೆಯ ವೈದ್ಯನಾಗಿ ಇಂಥ ಹಾಳೆಗಳನ್ನು ತುಂಬುತ್ತ ಬಂದಿರುವ ನನಗೆ ಮಾತ್ರ ಇದು ಸಲೀಸಾದ ಕೆಲಸ ಅನ್ನಿಸಿಲ್ಲ. ತಪಾಸಣೆ ಮಾಡುವಾಗ ಗೀಚಿಕೊಂಡ ಟಿಪ್ಪಣಿ ಎದುರಿಗಿರುತ್ತದೆ. ಅದನ್ನು ನಮೂನೆಗೆ ಇಳಿಸುವಾಗ ಮನಸ್ಸು ಕೆಳಗಿನ ಸಾಲನ್ನು ಮೊದಲೇ ತುಂಬಿಬಿಟ್ಟಿರುತ್ತದೆ. ಪಾಪ, ಇವನಿಗೆ ಕೆಲಸ ಸಿಗಲಿ ಅಂತಿದ್ದರೆ ಮೇಲಿನ ಅಂಕಿಗಳು ಮೆತ್ತಗಾಗುತ್ತವೆ. ಇವನು ಬೇಡ ಅಂತಿದ್ದರೆ ಗಡಸಾಗುತ್ತವೆ. ಎರಡರಲ್ಲೂ ಕೆಡುವುದು ದಾಖಲೆ.

ಒಬ್ಬ ಅಭ್ಯರ್ಥಿಯ ಹಾಳೆಯನ್ನೇ ಬಿಡಿಸಿ ನೋಡೋಣ. ಮೂವತ್ತರ ಆಸುಪಾಸಿನ ಗಂಡಸು. ಬೇರೊಂದು ಕಡೆ ಪವರ್ ಪ್ರೆಸ್ ನಡೆಸುತ್ತಿದ್ದ, ನಮ್ಮಲ್ಲಿಗೂ ಅದೇ ಕೆಲಸಕ್ಕೆ ಅರ್ಜಿ ಹಾಕಿದ್ದ. ಟಿಪ್ಪಣಿಯಲ್ಲಿದ್ದದ್ದು ಇಷ್ಟು: ಬಿಪಿ 150/96, ಐದು ನಿಮಿಷ ಕೂರಿಸಿ ಮತ್ತೆ ನೋಡಿದಾಗ 138/86. ಕನ್ನಡಕ ಹಾಕಿದರೆ ಎರಡೂ ಕಣ್ಣು 6/6. ಇಶಿಹಾರಾ ಪುಸ್ತಕದಲ್ಲಿ 21ಕ್ಕೆ 11. ಎಡಗಿವಿ 4000 ಹರ್ಟ್ಸ್‌ನಲ್ಲಿ 45 ಡೆಸಿಬೆಲ್. ಎದೆ, ಹೊಟ್ಟೆ ಎನ್‌ಎಡಿ, ಅಂದರೆ ದೋಷವೇನೂ ಕಂಡುಬಂದಿಲ್ಲ. ಬಟ್ಟೆ ಹಾಕಿಕೊಳ್ಳುತ್ತ ಅವನು ಕೇಳಿದ್ದು ಒಂದೇ ಮಾತು: “ಸರ, ಪಾಸಾದ್ನೋ ಫೇಲೋ ಹೇಳ್ರಿ.”

ಅವನ ಪ್ರಶ್ನೆಗೆ ಆ ಟಿಪ್ಪಣಿಯಲ್ಲಿ ಉತ್ತರವಿಲ್ಲ. ಇರಲೂಬಾರದು. ಅಲ್ಲಿರುವುದು ಒಂದು ದಿನ, ಒಂದು ಹೊತ್ತಿನಲ್ಲಿ ಒಂದು ದೇಹ ತೋರಿಸಿದ ಸಂಗತಿ. ಯೋಗ್ಯತೆ ಎನ್ನುವುದು ಆ ದೇಹದಲ್ಲಿ ಎಲ್ಲೂ ಇಲ್ಲ. ಅದು ದೇಹಕ್ಕೂ ಒಂದು ನಿರ್ದಿಷ್ಟ ಕೆಲಸಕ್ಕೂ ಇರುವ ಹೊಂದಿಕೆ. ಕೆಲಸ ಬದಲಾದರೆ ಅಭಿಪ್ರಾಯ ಬದಲಾಗಬಹುದು, ಕಂಡದ್ದು ಬದಲಾಗದು.

ರಕ್ತದೊತ್ತಡದ ಕಾಲಂನಿಂದಲೇ ಶುರುಮಾಡಿ. ಅಲ್ಲಿ 138/86 ಎಂದಷ್ಟೇ ಬರೆದು ಮುಂದೆ ಹೋಗಲು ಆಸೆಯಾಗುತ್ತದೆ. 140/90ರ ಒಳಗಿದೆ, ಯಾರೂ ಏನೂ ಕೇಳುವುದಿಲ್ಲ. ಆದರೆ ಮೊದಲ ಅಳತೆಯೂ ನಿಜವೇ. ವೈದ್ಯರ ಎದುರು, ಅದರಲ್ಲೂ ಕೆಲಸ ಸಿಗುತ್ತದೋ ಇಲ್ಲವೋ ಎಂಬ ದಿನ, ಒತ್ತಡ ಏರುವುದು ಸಹಜ. ಅದು ಬರೀ ಗಾಬರಿಯೋ, ಒಳಗೆ ನಿಂತ ಕಾಯಿಲೆಯ ಮೊದಲ ಸುಳಿವೋ ಎಂದು ಆ ಒಂದು ದಿನದಲ್ಲಿ ಹೇಳಲಾಗದು. ಆದ್ದರಿಂದ ಎರಡೂ ಅಂಕಿ, ನಡುವೆ ಕಳೆದ ಹೊತ್ತು, ಕೂತಿದ್ದ ಭಂಗಿ, ಇಷ್ಟೂ ಬರೆಯಬೇಕು. “ಸಾಮಾನ್ಯ” ಎಂದು ಬರೆದರೆ ಅಳತೆಯ ಜಾಗದಲ್ಲಿ ತೀರ್ಮಾನ ಬಂದು ಕೂತಂತೆ. “ಬಿಪಿ ರೋಗಿ” ಎಂದು ಬರೆದರೂ ಅಷ್ಟೇ.

ಕಣ್ಣಿನ ಕಾಲಂನಲ್ಲಿ ಇದು ಇನ್ನೂ ಸ್ಪಷ್ಟ. ಚುಕ್ಕೆಗಳ ನಡುವೆ ಅಂಕಿ ಅಡಗಿಸಿದ ಇಶಿಹಾರಾ ಪುಸ್ತಕದ 38 ಹಾಳೆಗಳ ಆವೃತ್ತಿಯಲ್ಲಿ ಮೊದಲ 21ನ್ನು ನೋಡಿ ಲೆಕ್ಕ ಹಾಕುತ್ತಾರೆ. 17 ಅಥವಾ ಹೆಚ್ಚು ಸರಿಯಾದರೆ ಬಣ್ಣದ ದೃಷ್ಟಿ ಸಹಜ, 13 ಅಥವಾ ಕಡಿಮೆಯಾದರೆ ಕೊರತೆ ಇದೆ. ಹಗಲು ಬೆಳಕಿನಲ್ಲಿ, ಸುಮಾರು 75 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಒಂದೊಂದಕ್ಕೂ ಮೂರು ಸೆಕೆಂಡಿನೊಳಗೆ ಉತ್ತರ ಕೇಳಬೇಕು. ಹಳದಿ ಬಲ್ಬಿನ ಕೆಳಗೆ ತೋರಿಸಿದರೆ ಫಲಿತಾಂಶವನ್ನು ನಂಬುವಂತಿಲ್ಲ. ಹಾಗಾಗಿ ನಮೂನೆಗೆ ಬರಬೇಕಾದ್ದು “ಕಲರ್ ಬ್ಲೈಂಡ್” ಎಂಬ ಹಣೆಪಟ್ಟಿಯಲ್ಲ. ಯಾವ ಆವೃತ್ತಿ, ಎಂಥ ಬೆಳಕು, 21ರಲ್ಲಿ ಎಷ್ಟು ಸರಿ ಎಂಬ ವಿವರ.

ಈಗ ಅದೇ 11ನ್ನು ಎರಡು ಕೆಲಸಗಳ ಮುಂದಿಟ್ಟು ನೋಡಿ. ನಮ್ಮ ಪ್ರೆಸ್‌ಗಳ ಮೇಲಿರುವ ದೀಪಗಳ ಕಂಬದಲ್ಲಿ ಕೆಂಪು ಮೇಲೆ, ಹಳದಿ ನಡುವೆ, ಹಸಿರು ಕೆಳಗೆ. ಬಣ್ಣ ತಿಳಿಯದಿದ್ದರೂ ಯಾವ ದೀಪ ಹತ್ತಿದೆ ಎಂಬುದು ಜಾಗದಿಂದಲೇ ಗೊತ್ತಾಗುತ್ತದೆ. ನಾನು ಅಲ್ಲಿಗೆ ಹೋಗಿ ನೋಡಿ ಬಂದಿದ್ದೇನೆ. ಕೆಲಸದ ಜಾಗ ನೋಡದೆ ಕೆಳಗಿನ ಸಾಲಿಗೆ ಸಹಿ ಹಾಕುವುದನ್ನು ನಾನು ಒಪ್ಪುವುದಿಲ್ಲ. ಅದೇ ಮನುಷ್ಯನನ್ನು ವಿದ್ಯುತ್ ನಿರ್ವಹಣೆ ವಿಭಾಗಕ್ಕೆ ಹಾಕಿದರೆ ಮಾತೇ ಬೇರೆ. ಅಲ್ಲಿ ಕೆಂಪು ಫೇಸಿನ ತಂತಿ, ಹಸಿರು ಅರ್ತಿಂಗ್ ತಂತಿ. ಕತ್ತಲು ಪ್ಯಾನೆಲ್ಲಿನೊಳಗೆ ಕೆಂಪು ಹಸಿರು ಕಲಸಿದರೆ ಜೀವಕ್ಕೇ ಕುತ್ತು. ಪ್ರೆಸ್‌ಗೆ ಯೋಗ್ಯ, ಬಣ್ಣ ನೋಡಿಯೇ ತಂತಿ ಗುರುತಿಸುವ ಕೆಲಸಕ್ಕೆ ಅಯೋಗ್ಯ. ಕಣ್ಣು ಒಂದೇ, ಅಭಿಪ್ರಾಯ ಎರಡು.

ಕಾರ್ಖಾನೆಗಳಲ್ಲಿ ಆಗುವುದೇನೆಂದರೆ, ಇವತ್ತು ಪ್ರೆಸ್‌ಗೆ ಸೇರಿದವನು ನಾಳೆ ಜನ ಕಡಿಮೆಯಾದರೆ ಇನ್ನೊಂದು ವಿಭಾಗಕ್ಕೆ ಹೋಗುತ್ತಾನೆ. ಅವನ ಕಡತದಲ್ಲಿ ಬರೀ “ಫಿಟ್” ಎಂದಿದ್ದರೆ ಯಾರೂ ತಡೆಯುವುದಿಲ್ಲ. ಅಭಿಪ್ರಾಯದ ಪಕ್ಕದಲ್ಲೇ ಕೆಲಸದ ಹೆಸರಿದ್ದರೆ ಮಾತ್ರ, ಹೊಸ ಕೆಲಸಕ್ಕೆ ಹೊಸ ಅಭಿಪ್ರಾಯ ಬೇಕೆಂದು ಗೊತ್ತಾಗುತ್ತದೆ. ಆಗ ಮೇಲಿನ ಕಾಲಂಗಳು ಶುದ್ಧವಾಗಿದ್ದರೆ ಬೇರೊಬ್ಬ ವೈದ್ಯರು ಅವನ್ನೇ ಓದಿ ತಮ್ಮ ತೀರ್ಮಾನ ಹೇಳಬಲ್ಲರು, ನನ್ನ ತೀರ್ಮಾನಕ್ಕೆ ವಿರುದ್ಧವಾಗಿಯೂ ಹೇಳಬಲ್ಲರು. ನಾನು ಹಾಳೆ ತುಂಬಿದ ಮೇಲೆ ಕೆಳಗಿನ ಸಾಲಿನ ಮೇಲೆ ಕೈಯಿಟ್ಟು ಮುಚ್ಚಿ ಒಮ್ಮೆ ಓದುವುದು ಇದಕ್ಕೇ. ನನ್ನ ಅಭಿಪ್ರಾಯ ಏನಿದ್ದೀತು ಎಂದು ಮೇಲಿನ ಬರಹದ ಧಾಟಿಯಿಂದಲೇ ತಿಳಿದುಬಿಟ್ಟರೆ ಎಲ್ಲೋ ಬೆರಕೆಯಾಗಿದೆ ಎಂದರ್ಥ.

ಹಾಳೆಯ ಮಧ್ಯದಲ್ಲಿ ಹರ್ನಿಯಾ ಎಂಬ ಕಾಲಂ ಖಾಲಿ ಇತ್ತು. ನಮ್ಮ ಸಿಸ್ಟರ್ ಪೆನ್ನು ಹಿಡಿದು ಕೇಳಿದರು, “ಡಾಕ್ಟ್ರೇ, ಇಲ್ಲ ಅಂತ ಬರೀಲಾ?” ಟಿಪ್ಪಣಿಯಲ್ಲಿ ಹರ್ನಿಯಾದ ಮಾತೇ ಇರಲಿಲ್ಲ. ಹೊಟ್ಟೆಗೆ ಎನ್‌ಎಡಿ ಎಂದು ಬರೆದಿದ್ದರಿಂದ ಅದೂ ಸೇರಿತು ಎಂದುಕೊಳ್ಳುವುದು ಸುಲಭ. ಆದರೆ ನಿಲ್ಲಿಸಿ ಕೆಮ್ಮಿಸಿ ತೊಡೆಸಂದು ನೋಡದೆ ಹರ್ನಿಯಾ ಇಲ್ಲ ಎನ್ನುವಂತಿಲ್ಲ. ನೋಡಿ ಇಲ್ಲವೆಂದದ್ದು ಬೇರೆ, ನೋಡದೇ ಇದ್ದದ್ದು ಬೇರೆ. ಪ್ರೆಸ್‌ನವನು ಡೈ ಎತ್ತಿ ಇಳಿಸಲು ಕೈಹಾಕಬೇಕಾಗುತ್ತದೆ, ಹಾಗಾಗಿ ಇದು ಸುಮ್ಮನೆ ಬಿಡುವ ಕಾಲಂ ಅಲ್ಲ. “ಪರೀಕ್ಷಿಸಿಲ್ಲ ಅಂತ ಬರೀರಿ ಸಿಸ್ಟರ್. ಕಿವಿ ಪರೀಕ್ಷೆಗೆ ಮತ್ತೆ ಬರ್ತಾನಲ್ಲ, ಅವತ್ತು ನೋಡೋಣ” ಎಂದೆ.

ಕಿವಿಯ ಸಂಗತಿಯೇ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು. ಅವನ ಎಡಗಿವಿಯ ನಕ್ಷೆ 2000 ಹರ್ಟ್ಸ್‌ವರೆಗೆ ಸಹಜವಾಗಿತ್ತು, 4000ದಲ್ಲಿ 45ಕ್ಕೆ ಕುಸಿದು, 8000ದಲ್ಲಿ ಮತ್ತೆ 25ಕ್ಕೆ ಚೇತರಿಸಿತ್ತು. ನಡುವೆ ಹೀಗೆ ಹಳ್ಳ ಬೀಳುವುದು ಗದ್ದಲದ ಕೆಲಸ ಮಾಡಿದವರ ಕಿವಿಯ ಗುರುತು. ಆದರೆ ಅವನು ಆ ದಿನ ಬೆಳಿಗ್ಗೆ ಹಳೆಯ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ನೇರ ನಮ್ಮಲ್ಲಿಗೆ ಬಂದಿದ್ದ. ಗದ್ದಲದಿಂದ ಆಗತಾನೇ ಹೊರಬಂದ ಕಿವಿ ಕೆಲವು ಗಂಟೆ ಮಂದವಾಗಿರುತ್ತದೆ, ವಿಶ್ರಾಂತಿ ಸಿಕ್ಕರೆ ಸ್ವಲ್ಪ ಮರಳುತ್ತದೆ. ಕನಿಷ್ಠ 14 ಗಂಟೆ ಗದ್ದಲದಿಂದ ದೂರವಿದ್ದ ಮೇಲಿನ ಪರೀಕ್ಷೆಯನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ವಾರದ ರಜೆ ಕಳೆದು ಬಂದಾಗ ಅದೇ ಜಾಗದಲ್ಲಿ 40 ಬಂತು. ಅಂದರೆ ಐದು ಡೆಸಿಬೆಲ್‌ನಷ್ಟೇ ವ್ಯತ್ಯಾಸ, ಉಳಿದದ್ದು ಹೋದದ್ದೇ. ಮೊದಲ ನಕ್ಷೆಯನ್ನು ಹರಿದು ಹಾಕಲಿಲ್ಲ. ಎರಡನ್ನೂ, ಯಾವುದು ಯಾವಾಗ, ಎಷ್ಟು ಗಂಟೆ ವಿಶ್ರಾಂತಿಯ ನಂತರ ಎಂದು ಬರೆದು ಕಡತದಲ್ಲಿಟ್ಟೆ. ಹರ್ನಿಯಾ ಅವತ್ತು ನೋಡಿದೆ, ಇರಲಿಲ್ಲ. ಬಿಪಿ 134/84.

ಮಾನವ ಸಂಪನ್ಮೂಲ ವಿಭಾಗದಿಂದ ಫೋನ್ ಬಂತು: “ಡಾಕ್ಟ್ರೇ, ಕಿವಿ ಕೆಟ್ಟಿದೆಯಂತೆ, ಯಾಕೆ ಬೇಕು ರಿಸ್ಕು?” ಅವರ ಭಯ ಸುಳ್ಳಲ್ಲ. ಗದ್ದಲದಿಂದಾಗುವ ಶ್ರವಣ ನಷ್ಟ 1948ರ ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿಯಲ್ಲಿದ್ದ ಕಾಯಿಲೆ, ಪರಿಹಾರ ಕೊಡಬೇಕಾದ ಕಾಯಿಲೆಯೂ ಹೌದು. ಬೇರೆಯವರ ಯಂತ್ರ ಕೆಡಿಸಿದ ಕಿವಿಗೆ ನಾವೇಕೆ ದುಡ್ಡು ಕೊಡಬೇಕು ಎಂಬ ಲೆಕ್ಕ. ಇದಕ್ಕೆ ನನ್ನ ಉತ್ತರ ಕಡತದಲ್ಲೇ ಇದೆ. ಸೇರುವ ದಿನ 40 ಇತ್ತು ಎಂದು ಸತ್ಯ ಬರೆದಿಟ್ಟರೆ, ಮುಂದೆ 60 ಆದಾಗ ಎಷ್ಟು ನಮ್ಮದು, ಎಷ್ಟು ಹಳೆಯದು ಎಂದು ಬೇರ್ಪಡಿಸಬಹುದು. ಅವನ ಮೇಲಿನ ಕರುಣೆಯಿಂದ “ಶ್ರವಣ ಸಹಜ” ಎಂದು ಬರೆದರೆ ಕಂಪನಿಗೆ ಅನ್ಯಾಯ. ನಮ್ಮಲ್ಲಿ ಆಗುವ ಮುಂದಿನ ನಷ್ಟವನ್ನೂ ಹಳೆಯದರ ಲೆಕ್ಕಕ್ಕೆ ಹಾಕಲೆಂದು ಈಗಲೇ ಹೆಚ್ಚಿಸಿ ಬರೆದರೆ ಅವನಿಗೆ ಅನ್ಯಾಯ. ಇನ್ನು, ಮಾತು ಸ್ಪಷ್ಟವಾಗಿ ಕೇಳುವ, ಎಚ್ಚರಿಕೆಯ ಸೈರನ್ ಕೇಳುವ ಮನುಷ್ಯನನ್ನು 4000 ಹರ್ಟ್ಸ್‌ನ ಹಳ್ಳಕ್ಕಾಗಿ ಹೊರಗಿಟ್ಟರೆ, ಹಳೆಯ ಕಾರ್ಖಾನೆ ಅವನಿಂದ ಕಿತ್ತುಕೊಂಡದ್ದಕ್ಕೆ ಶಿಕ್ಷೆಯನ್ನು ಅವನಿಗೇ ಕೊಟ್ಟಂತೆ.

ಕಾಯಿಲೆ ಇದೆ ಎಂಬುದರಿಂದಲೇ ಕೆಲಸಕ್ಕಾಗುವುದಿಲ್ಲ ಎಂಬ ತೀರ್ಮಾನ ಹುಟ್ಟುವುದಿಲ್ಲ ಎಂಬುದನ್ನು ನ್ಯಾಯಾಲಯವೂ ಹೇಳಿದೆ. 1997ರಲ್ಲಿ ಬಾಂಬೆ ಹೈಕೋರ್ಟ್, ಎಚ್‌ಐವಿ ಇದ್ದ ಒಬ್ಬ ಕಾರ್ಮಿಕನ ಪ್ರಕರಣದಲ್ಲಿ, ಕೆಲಸ ಮಾಡಬಲ್ಲವನನ್ನು, ಜೊತೆಗಾರರಿಗೆ ಅಪಾಯವಲ್ಲದವನನ್ನು ಆ ಒಂದು ಕಾರಣಕ್ಕೆ ದೂರವಿಡುವಂತಿಲ್ಲ ಎಂದಿತು. 2017ರ ಕಾಯ್ದೆ ಕೆಲಸಕ್ಕೆ ಷರತ್ತಾಗಿ ಎಚ್‌ಐವಿ ಪರೀಕ್ಷೆ ಕೇಳುವುದನ್ನೇ ನಿಷೇಧಿಸಿತು. ಹೀಗಾಗಿ ನಾನು ಕಂಪನಿಗೆ ಕಳಿಸುವುದು ಅಭಿಪ್ರಾಯದ ಹಾಳೆಯನ್ನಷ್ಟೇ. ಅಂಕಿಗಳ ಹಾಳೆ ಆರೋಗ್ಯ ಕೇಂದ್ರದ ಬೀರುವಿನಲ್ಲಿರುತ್ತದೆ. ಮೇಲ್ವಿಚಾರಕನಿಗೆ ಬೇಕಾದದ್ದು ಇವನಿಗೆ ಯಾವ ಕೆಲಸ ಕೊಡಬಾರದು ಎಂಬುದು. ಯಾಕೆ ಎಂಬುದು ಅವನಿಗೆ ಬೇಕಿಲ್ಲ. ಕಿವಿಯ ಸುದ್ದಿ ಫೋನಿಗೆ ಮೊದಲೇ ಮಾನವ ಸಂಪನ್ಮೂಲ ವಿಭಾಗಕ್ಕೆ ಹೇಗೆ ತಲುಪಿತು ಎಂದು ವಿಚಾರಿಸಿ, ಅಂದಿನಿಂದ ಬೀರುವಿಗೆ ಬೀಗ ಹಾಕಿಸಿದೆ.

ಕೊನೆಗೆ ಕೆಳಗಿನ ಸಾಲು. “ಕಿವಿರಕ್ಷಕ ಧರಿಸುವ ಷರತ್ತಿನ ಮೇಲೆ ಯೋಗ್ಯ” ಎಂದು ಬರೆಯಬೇಕೆಂದು ಸಲಹೆ ಬಂದಿತ್ತು. ಬಹಳ ಹೊತ್ತು ಯೋಚಿಸಿ ಅದನ್ನು ಬಿಟ್ಟೆ. ಎಂಟು ಗಂಟೆಯ ಪಾಳಿಗೆ 90 ಡೆಸಿಬೆಲ್ ದಾಟುವ ಕಡೆ ಯಾರೇ ನಿಂತರೂ ಕಿವಿಗೆ ರಕ್ಷಣೆ ಕೊಡುವುದು ಕಾರ್ಖಾನೆಯ ಹೊಣೆ. ಅದನ್ನು ಇವನೊಬ್ಬನ ಹಾಳೆಯಲ್ಲಿ ಷರತ್ತಾಗಿ ಬರೆದರೆ ಕಾರ್ಖಾನೆಯ ಕರ್ತವ್ಯ ಇವನ ಊನವಾಗಿ ಕಾಣುತ್ತದೆ. ನಾಳೆ ಕಿವಿರಕ್ಷಕ ಹರಿದಿದ್ದರೂ, ಕೊಡದಿದ್ದರೂ, ಷರತ್ತು ಮುರಿದವನು ಇವನೇ ಆಗುತ್ತಾನೆ. ಆದ್ದರಿಂದ ಬರೆದದ್ದು ಇಷ್ಟು: “ಪವರ್ ಪ್ರೆಸ್ ಚಾಲಕನ ಕೆಲಸಕ್ಕೆ, ಕನ್ನಡಕ ಧರಿಸಿ, ಯೋಗ್ಯ. ಬಣ್ಣದಿಂದ ಮಾತ್ರ ತಂತಿ ಅಥವಾ ದೀಪ ಗುರುತಿಸಬೇಕಾದ ಕೆಲಸ ಕೊಡಬಾರದು. ವಿಭಾಗ ಬದಲಿಸುವ ಮುನ್ನ ಮರುಅಭಿಪ್ರಾಯ ಪಡೆಯಬೇಕು. ಮೂರು ತಿಂಗಳಿಗೆ ಆರೋಗ್ಯ ಕೇಂದ್ರಕ್ಕೆ ಬರಬೇಕು.” ಪ್ರೆಸ್ ಶಾಪಿನ ಗದ್ದಲದ ಬಗ್ಗೆ ಬೇರೆಯದೇ ಪತ್ರ ಬರೆದು, ಇವನ ಹೆಸರಿಲ್ಲದೆ, ಸುರಕ್ಷತಾ ಅಧಿಕಾರಿಗೆ ಕಳಿಸಿದೆ.