ಗೋಳದ ಒಳಗೂ ಹೊರಗೂ

ಪಿಯುಸಿ ಭೌತಶಾಸ್ತ್ರದ ಪ್ರಶ್ನೆಗಳ ನಡುವೆ ಎರಡೇ ಸಾಲಿನ ಒಂದು ಪ್ರಶ್ನೆ ಆಗಾಗ ಕಾಣಿಸಿಕೊಳ್ಳುತ್ತದೆ. R ತ್ರಿಜ್ಯದ ಅವಾಹಕ ಗೋಳವೊಂದರ ಒಡಲ ತುಂಬ ವಿದ್ಯುದಾವೇಶ ಒಂದೇ ಸಮನಾಗಿ ಹರಡಿಕೊಂಡಿದೆ. ಕೇಂದ್ರದಿಂದ r ದೂರದಲ್ಲಿ, ಗೋಳದ ಒಳಗೇ ಇರುವ ಬಿಂದುವಿನಲ್ಲಿ ವಿದ್ಯುತ್ ಕ್ಷೇತ್ರ ಯಾವುದಕ್ಕೆ ಅನುಪಾತದಲ್ಲಿರುತ್ತದೆ? ಕೆಳಗೆ ನಾಲ್ಕು ಆಯ್ಕೆಗಳು: r, 1/r, 1/r², ಇಲ್ಲವೇ ದೂರವನ್ನು ಅವಲಂಬಿಸುವುದೇ ಇಲ್ಲ. ಗಡಿಯಾರ ನೋಡುತ್ತ ಬರೆಯುವವರಿಗೆ ಇದು ಅರ್ಧ ನಿಮಿಷದ ಕೆಲಸ. ಉತ್ತರ ಗುರುತಿಸಿ ಮುಗಿಸಿದ ಮೇಲೂ ಆ ನಾಲ್ಕು ಆಯ್ಕೆಗಳ ಮುಂದೆ ಸುಮ್ಮನೆ ಕೂತುಕೊಂಡರೆ ಮಾತ್ರ ಅವು ಮೆಲ್ಲಗೆ ತೆರೆದುಕೊಳ್ಳುತ್ತವೆ.

ಹತ್ತು ಸೆಂಟಿಮೀಟರ್ ತ್ರಿಜ್ಯದ ಗೋಳ ಅನ್ನೋಣ, ಅದರೊಳಗೆ ಒಂದು ನ್ಯಾನೋಕೂಲಂ ಆವೇಶ. ದೂರದಿಂದ ಅದರ ಕಡೆಗೆ ನಡೆದು ಬರುತ್ತಿದ್ದೇವೆ. ಕೇಂದ್ರದಿಂದ 40 ಸೆಂಟಿಮೀಟರ್ ಇರುವಾಗ ಕ್ಷೇತ್ರ ಪ್ರತಿ ಕೂಲಂಗೆ 56 ನ್ಯೂಟನ್‌ನಷ್ಟು. 20ಕ್ಕೆ ಬಂದಾಗ ಅದು ನಾಲ್ಕು ಪಟ್ಟಾಗಿ 225. ಗೋಳದ ಮೈಯನ್ನು ಮುಟ್ಟುವ 10ರಲ್ಲಿ ಮತ್ತೆ ನಾಲ್ಕು ಪಟ್ಟಾಗಿ 900. ದೂರ ಅರ್ಧವಾದಾಗಲೆಲ್ಲ ಬಲ ನಾಲ್ಕು ಪಟ್ಟು ಏರುತ್ತ ಬಂದಿದೆ, ಇಡೀ ಗೋಳದ ಆವೇಶವೆಲ್ಲ ಕೇಂದ್ರದ ಒಂದೇ ಒಂದು ಚುಕ್ಕೆಯಲ್ಲಿ ಮುದುಡಿ ಕೂತಿದೆಯೇನೋ ಎಂಬಂತೆ. ಹೊರಗೆ ನಿಂತವನಿಗೆ ಆ ಚುಕ್ಕೆಗೂ ಈ ಗೋಳಕ್ಕೂ ವ್ಯತ್ಯಾಸ ತಿಳಿಯುವ ಯಾವ ದಾರಿಯೂ ಇಲ್ಲ. ಹೀಗೆ ಏರುತ್ತ ಬಂದ ಬಲ, ಗೋಳದ ಮೈಯನ್ನು ದಾಟಿ ಒಳಗೆ ಕಾಲಿಟ್ಟ ಕ್ಷಣದಿಂದ ಇಳಿಯತೊಡಗುತ್ತದೆ. 5 ಸೆಂಟಿಮೀಟರ್‌ನಲ್ಲಿ 450, 2ರಲ್ಲಿ 180, 1ರಲ್ಲಿ 90, ನಟ್ಟನಡುವೆ ಸೊನ್ನೆ. ಸುತ್ತ ಎಲ್ಲ ಕಡೆಯೂ ಆವೇಶ ಒತ್ತಿಕೊಂಡಿರುವ ಆ ಒಡಲಿನಲ್ಲಿ, ಆಳಕ್ಕೆ ಹೋದಷ್ಟೂ ಒತ್ತಡ ಹಗುರವಾಗುತ್ತ ಹೋಗುತ್ತದೆ.

ಲೆಕ್ಕ ಸರಳ. ನಾವು ನಿಂತ ಬಿಂದುವಿನ ಮೂಲಕ ಹಾಯುವಂತೆ, ಅದೇ ಕೇಂದ್ರವಿರುವ ಒಂದು ಕಾಲ್ಪನಿಕ ಗೋಳವನ್ನು ಎಳೆದುಕೊಂಡರೆ, ಗಾಸ್ ನಿಯಮದ ಪ್ರಕಾರ ಅದರೊಳಗೆ ಸಿಕ್ಕ ಆವೇಶವನ್ನಷ್ಟೇ ಎಣಿಸಿದರೆ ಸಾಕು. ಒಳಗಿನ ಆವೇಶ ಗಾತ್ರದೊಂದಿಗೆ, ಅಂದರೆ r³ನಂತೆ ಬೆಳೆಯುತ್ತದೆ. ಅದರ ಪ್ರಭಾವ ಹರಡಿಕೊಳ್ಳುವ ಮೈ r²ನಂತೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಉಳಿಯುವುದು r. ಮೊದಲ ಆಯ್ಕೆಯೇ ಸರಿ. ಹಾಗಾದರೆ ಆ ಬಿಂದುವಿನಿಂದ ಆಚೆಗಿರುವ ಪದರಗಳ ಗತಿಯೇನು? ಅವು ಲೆಕ್ಕಕ್ಕಿಲ್ಲ ಎಂದು ತರಗತಿಯಲ್ಲಿ ಹೇಳಿ ಮುಂದೆ ಹೋಗುತ್ತೇವೆ. ಈ ಒಂದು ಮಾತಿನ ಹಿಂದೆ ಎಷ್ಟು ದೊಡ್ಡ ಸಂಗತಿ ಅಡಗಿದೆ ಎಂದು ನೆನೆದಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ.

ಹೊರಗಿನ ಪದರಗಳಲ್ಲಿ ಒಂದನ್ನು ಬಿಡಿಸಿಕೊಂಡು ನೋಡಬೇಕು: ತೆಳ್ಳನೆಯ ಟೊಳ್ಳು ಗೋಳ, ತ್ರಿಜ್ಯ ಅದೇ 10 ಸೆಂಟಿಮೀಟರ್, ಮೈಮೇಲೆ ಸಮನಾದ ಆವೇಶ, ಒಳಗೆ ಬರಿದು. ಅದರ ಕೇಂದ್ರದಿಂದ 5 ಸೆಂಟಿಮೀಟರ್ ಸರಿದ ಒಂದು ಬಿಂದುವಿನಲ್ಲಿ ನಿಂತಿದ್ದೇವೆ. ಹತ್ತಿರದ ಗೋಡೆ 5 ಸೆಂಟಿಮೀಟರ್, ಎದುರಿನ ಗೋಡೆ 15. ಹತ್ತಿರದ ಗೋಡೆಯೇ ಹೆಚ್ಚು ಬಲವಾಗಿ ತಳ್ಳಬೇಕು ಎಂದು ಮನಸ್ಸು ಹೇಳುತ್ತದೆ. ಈಗ ಆ ಬಿಂದುವಿನಿಂದ ಒಂದು ಕಿರಿದಾದ ಶಂಕುವನ್ನು ಹತ್ತಿರದ ಗೋಡೆಯತ್ತ ಚಾಚಿ, ಅದೇ ಗೆರೆಗಳನ್ನು ಬೆನ್ನ ಹಿಂದಕ್ಕೂ ಎಳೆಯೋಣ. ಮುಂದಿನ ಶಂಕು ಗೋಡೆಯ ಮೇಲೆ ಪುಟ್ಟದೊಂದು ತುಣುಕನ್ನು ಕತ್ತರಿಸುತ್ತದೆ. ಹಿಂದಿನದು ಮೂರು ಪಟ್ಟು ದೂರ ಸಾಗಿದ್ದರಿಂದ ಒಂಬತ್ತು ಪಟ್ಟು ದೊಡ್ಡ ತುಣುಕನ್ನು ಕತ್ತರಿಸುತ್ತದೆ, ಅಂದರೆ ಅಲ್ಲಿ ಒಂಬತ್ತು ಪಟ್ಟು ಆವೇಶ. ಆದರೆ ಮೂರು ಪಟ್ಟು ದೂರದಿಂದ ಬರುವ ಬಲ ಒಂಬತ್ತರಲ್ಲಿ ಒಂದು ಪಾಲು. ಒಂಬತ್ತು ಪಟ್ಟು ಆವೇಶ, ಒಂಬತ್ತನೇ ಒಂದರಷ್ಟು ಬಲ: ಎರಡೂ ತುಣುಕುಗಳು ಎದುರುಬದುರಾಗಿ ಸರಿಸಮನಾಗಿ ತಳ್ಳುತ್ತವೆ, ಬಿಂದು ಅಲುಗುವುದಿಲ್ಲ. ಶಂಕುವನ್ನು ಓರೆಯಾಗಿ ತಿರುಗಿಸಿದರೆ ದೂರಗಳು ಬದಲಾಗುತ್ತವೆ, ತುಣುಕುಗಳು ವಾಲುತ್ತವೆ. ಆದರೂ ಗೋಳವನ್ನು ಹಾಯುವ ಯಾವುದೇ ಸರಳರೇಖೆ ಎರಡೂ ತುದಿಗಳಲ್ಲಿ ಗೋಡೆಯನ್ನು ಒಂದೇ ಕೋನದಲ್ಲಿ ಮುಟ್ಟುವುದರಿಂದ ಎರಡೂ ಒಂದೇ ಅಳತೆಯಲ್ಲಿ ವಾಲುತ್ತವೆ, ಸಮತೋಲ ಕೆಡುವುದಿಲ್ಲ. ದಿಕ್ಕು ದಿಕ್ಕಿಗೂ ಹೀಗೆಯೇ ಜೋಡಿ ಸಿಗುತ್ತ ಹೋಗಿ, ಕೊನೆಗೆ ಒಂದು ಚೂರೂ ಮಿಗುವುದಿಲ್ಲ. ಹೊರಗಿನ ಪದರಗಳ ಒಂದೊಂದು ಕಣವೂ ತನ್ನ ಪೂರ್ಣ ಬಲದಿಂದ ನಮ್ಮನ್ನು ತಳ್ಳುತ್ತಲೇ ಇದೆ. ನಾವು ಸೊನ್ನೆ ಎಂದು ಬರೆಯುವುದು ಆ ಎಲ್ಲ ತಳ್ಳಾಟದ ಒಟ್ಟು ಮೊತ್ತವನ್ನು.

ಇದನ್ನು ಮೊದಲು ಕಂಡುಕೊಂಡದ್ದು ವಿದ್ಯುತ್ತಿಗಾಗಿ ಅಲ್ಲ. 1687ರ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ ಗುರುತ್ವಕ್ಕಾಗಿ ಇದನ್ನು ಸಾಧಿಸಿಟ್ಟಿದ್ದ: ಟೊಳ್ಳು ಗೋಳದ ಒಳಗೆ ಸೆಳೆತವಿಲ್ಲ, ಹೊರಗೆ ಕೇಂದ್ರದಿಂದಲೇ ಸೆಳೆದಂತೆ, ತುಂಬಿದ ಗೋಳದ ಒಳಗೆ ಕೇಂದ್ರದಿಂದ ಇರುವ ದೂರಕ್ಕೆ ತಕ್ಕಂತೆ. ಆವೇಶ ತುಂಬಿದ ಲೋಹದ ಪಾತ್ರೆಯೊಳಗೆ ಇಳಿಬಿಟ್ಟ ಬೆಂಡಿನ ಚೂರನ್ನು ಯಾವ ಬಲವೂ ಎಳೆಯದಿರುವುದನ್ನು ಫ್ರಾಂಕ್ಲಿನ್ ಗಮನಿಸಿದಾಗ, ಆ ಸುದ್ದಿ ತಿಳಿದ ಜೋಸೆಫ್ ಪ್ರೀಸ್ಟ್ಲಿಗೆ ನ್ಯೂಟನ್ನನ ಟೊಳ್ಳು ಗೋಳ ನೆನಪಾಯಿತು. ವಿದ್ಯುತ್ತಿನ ಬಲವೂ ದೂರದ ವರ್ಗಕ್ಕೆ ವಿಲೋಮವಾಗಿಯೇ ಇರಬೇಕು ಎಂದು ಅವನು 1767ರಲ್ಲಿ ಬರೆದ. ಕೂಲಂ ತನ್ನ ತಿರುಚು ತಕ್ಕಡಿಯಲ್ಲಿ ಆ ಬಲವನ್ನು ಅಳೆದು ತೋರಿಸಿದ್ದು ಅನಂತರ, 1785ರಲ್ಲಿ.

ಈ ಎರಡು ವರ್ಷಗಳ ನಡುವೆ, 1773ರ ಸುಮಾರಿಗೆ, ಹೆನ್ರಿ ಕ್ಯಾವೆಂಡಿಷ್ ಸೊನ್ನೆಯನ್ನೇ ಅಳೆಯಲು ಕೂತ. ಸುಮಾರು ಒಂದು ಅಡಿ ಅಗಲದ ಗೋಳ, ಅದನ್ನು ಮುಟ್ಟದಂತೆ ಸುತ್ತುವರಿಯುವ ಎರಡು ಅರ್ಧಗೋಳಗಳು, ಒಳಗನ್ನೂ ಹೊರಗನ್ನೂ ಬೆಸೆಯುವ ಒಂದು ತಂತಿ. ಹೊರಗಿನದಕ್ಕೆ ಆವೇಶ ಕೊಟ್ಟು, ರೇಷ್ಮೆ ದಾರದಿಂದ ತಂತಿಯನ್ನು ಎಳೆದು ತೆಗೆದು, ಅರ್ಧಗೋಳಗಳನ್ನು ಬಿಡಿಸಿ, ಒಳಗಿನ ಗೋಳಕ್ಕೆ ಬೆಂಡಿನ ಪುಟ್ಟ ಗುಂಡುಗಳನ್ನು ತಾಗಿಸಿ ನೋಡಿದ. ಅವು ಒಂದರಿಂದೊಂದು ಸರಿಯಲಿಲ್ಲ. ಬಲದ ಘಾತ ಎರಡಕ್ಕಿಂತ ಚೂರು ಹೆಚ್ಚಾಗಿದ್ದರೂ ಕಡಿಮೆಯಾಗಿದ್ದರೂ ಆ ತಂತಿಯ ಮೂಲಕ ಒಳಕ್ಕೆ ಅಷ್ಟೋ ಇಷ್ಟೋ ಆವೇಶ ಹರಿದು ಬಂದಿರಬೇಕಿತ್ತು. ನಮ್ಮ 5 ಮತ್ತು 15 ಸೆಂಟಿಮೀಟರ್‌ಗಳ ಬಿಂದುವಿಗೆ ಮರಳಿ ನೋಡಿದರೆ, ಘಾತ 2.02 ಆಗಿದ್ದಿದ್ದರೆ ಹತ್ತಿರದ ತುಣುಕಿನ ಕೈ ನೂರಕ್ಕೆ ಎರಡರಷ್ಟು ಮೇಲಾಗುತ್ತಿತ್ತು. ಎರಡರಿಂದ ಐವತ್ತನೇ ಒಂದರಷ್ಟೂ ಘಾತ ಸರಿದಿಲ್ಲವೆಂದು ಕ್ಯಾವೆಂಡಿಷ್ ಖಚಿತಪಡಿಸಿಕೊಂಡ, ಬರೆದಿಟ್ಟ, ಪ್ರಕಟಿಸಲಿಲ್ಲ. ಅವನು ತೀರಿಕೊಂಡು ಸುಮಾರು ಎಪ್ಪತ್ತು ವರ್ಷಗಳ ಬಳಿಕ, 1879ರಲ್ಲಿ, ಮ್ಯಾಕ್ಸ್‌ವೆಲ್ ಆ ಹಾಳೆಗಳನ್ನು ಸಂಪಾದಿಸಿ ಹೊರತಂದ. ಅದೇ ಪ್ರಯೋಗವನ್ನು ತಿದ್ದಿ ಮತ್ತೆ ನಡೆಸಿದಾಗ ಆ ಮಿತಿ 21,600ರಲ್ಲಿ ಒಂದಕ್ಕೆ ಇಳಿಯಿತು. ಸೊನ್ನೆ ಸಿಕ್ಕಿತೆಂದು ಇಷ್ಟು ತಾಳ್ಮೆಯಿಂದ ಮತ್ತೆ ಮತ್ತೆ ಸಂತೋಷಪಟ್ಟ ಮನುಷ್ಯರನ್ನು ನೆನೆಯುವುದೇ ಒಂದು ಸುಖ.

ಆದರೆ ಈ ಸೊನ್ನೆಗೆ ತನ್ನದೇ ಗಡಿಗಳಿವೆ, ಪ್ರಶ್ನೆಗಳು ಕೆಣಕುವುದು ಅಲ್ಲಿಯೇ. ಅವಾಹಕ ಕವಚದೊಳಗಿನ ನಿಶ್ಚಲತೆ ಗೋಳದ ದುಂಡು ಆಕಾರದಿಂದ ಮತ್ತು ಆವೇಶದ ಸಮ ಹರವಿನಿಂದ ಬಂದದ್ದು; ಒಂದು ಕಡೆ ಆವೇಶ ದಟ್ಟವಾದರೆ ಅದು ಹೋಯಿತು. ಪಕ್ಕದಲ್ಲಿ ಬೇರೊಂದು ಆವೇಶವನ್ನು ತಂದಿಟ್ಟರೆ ಅದರ ಕ್ಷೇತ್ರ ಕವಚವನ್ನು ಹಾದು ಒಳಗೆ ಬರುತ್ತದೆ. ಲೋಹದ ಕವಚದ ಸ್ವಭಾವ ಬೇರೆ, ಅಲ್ಲಿ ಆವೇಶಗಳು ತಾವೇ ಸರಿದಾಡಿ ಒಳಗನ್ನು ಶಾಂತವಾಗಿಸುತ್ತವೆ, ಆಕಾರ ಸೊಟ್ಟಗಿದ್ದರೂ. ಕ್ಷೇತ್ರ ಸೊನ್ನೆಯಾದಲ್ಲಿ ವಿಭವವೂ ಸೊನ್ನೆ ಎಂದುಕೊಳ್ಳುವಂತಿಲ್ಲ: ನಮ್ಮ ಟೊಳ್ಳು ಗೋಳ ಒಂದು ನ್ಯಾನೋಕೂಲಂ ಹೊತ್ತಿದ್ದರೆ ಅದರ ಒಳಗೆಲ್ಲ, ಮೂಲೆಯಿಂದ ಮೂಲೆಗೆ, ತೊಂಬತ್ತು ವೋಲ್ಟ್ ಒಂದೇ ಮಟ್ಟದಲ್ಲಿ ತುಂಬಿ ನಿಂತಿರುತ್ತದೆ. ಗಾಳಿಯಿಲ್ಲದ ಕೆರೆಯ ನೀರಿನಂತೆ, ಮಟ್ಟವಿದೆ, ಇಳಿಜಾರಿಲ್ಲ.

ದಪ್ಪ ಗೋಡೆಯ ಕವಚದ ಪ್ರಶ್ನೆಯಲ್ಲಿ ಆಯ್ಕೆಗಳು ಇನ್ನಷ್ಟು ಗೊಂದಲ ಹುಟ್ಟಿಸುತ್ತವೆ. ಒಳ ತ್ರಿಜ್ಯ a, ಹೊರ ತ್ರಿಜ್ಯ b, ನಡುವಿನ ಗೋಡೆಯಲ್ಲಷ್ಟೇ ಸಮನಾದ ಆವೇಶ. ಗೋಡೆಯೊಳಗೆ ಕ್ಷೇತ್ರ ಹೇಗೆ ಬದಲಾಗುತ್ತದೆ? ಇಲ್ಲಿ ಗಡಿಗಳನ್ನೇ ಕೇಳಬೇಕು. r = a ಆದಲ್ಲಿ ಒಳಗೆ ಇನ್ನೂ ಆವೇಶವೇ ಸಿಕ್ಕಿಲ್ಲ, ಆದ್ದರಿಂದ ಉತ್ತರ ಅಲ್ಲಿ ಸೊನ್ನೆಯಾಗಲೇಬೇಕು. a ಕುಗ್ಗಿ ಇಲ್ಲವಾದರೆ ಕವಚ ತುಂಬಿದ ಗೋಳವಾಗುತ್ತದೆ, ಆಗ r ಒಂದೇ ಉಳಿಯಬೇಕು. ಈ ಎರಡೂ ಮಾತಿಗೆ ಒಪ್ಪುವುದು r − a³/r². ಬರಿಯ r ಮೊದಲ ಗಡಿಯಲ್ಲೇ ಬೀಳುತ್ತದೆ, 1/r² ಎರಡರಲ್ಲೂ.

ಮೊದಲ ಪ್ರಶ್ನೆಯ ಉಳಿದ ಮೂರು ಆಯ್ಕೆಗಳು ತಪ್ಪೆಂದು ಬಿಟ್ಟೆವಲ್ಲ, ಅವುಗಳ ಮೇಲೆ ನನಗೆ ಬೇರೆಯೇ ಒಂದು ಮಮತೆ. ಆವೇಶ ಸಮನಾಗಿ ಹರಡದೆ ಕೇಂದ್ರದ ಕಡೆಗೆ ದಟ್ಟವಾಗುತ್ತ, ಅದರ ಸಾಂದ್ರತೆ 1/r ನಂತೆ ಏರಿದೆ ಎಂದುಕೊಳ್ಳೋಣ. ಆಗ ಒಳಗೆ ಸಿಗುವ ಆವೇಶ r²ನಂತೆ ಬೆಳೆಯುತ್ತದೆ, ಹರಡುವ ಮೈಯೂ r². ಕ್ಷೇತ್ರ ಎಲ್ಲೆಲ್ಲೂ ಒಂದೇ ಪ್ರಮಾಣದ್ದು, ದೂರವನ್ನು ಅವಲಂಬಿಸುವುದೇ ಇಲ್ಲ. ಮೈಯಲ್ಲಿ 900 ಇದ್ದರೆ ಕೇಂದ್ರದಿಂದ ಒಂದು ಮಿಲಿಮೀಟರ್ ಈಚೆಗೂ 900, ದಿಕ್ಕು ಮಾತ್ರ ಎಲ್ಲೆಡೆ ಕೇಂದ್ರದಿಂದ ಹೊರಕ್ಕೆ. ಸಾಂದ್ರತೆಯನ್ನು ಇನ್ನೂ ಬಿಗಿಗೊಳಿಸಿ 1/r² ಮಾಡಿದರೆ ಕ್ಷೇತ್ರ 1/r ಆಗುತ್ತದೆ, ಎರಡನೆಯ ಆಯ್ಕೆ ಸರಿಯಾಗುತ್ತದೆ. ಸಾಂದ್ರತೆ rⁿ ಆದರೆ ಕ್ಷೇತ್ರ rⁿ⁺¹. n ಕೆಳಗಿಳಿಯುತ್ತ −3ನ್ನು ಸಮೀಪಿಸಿದಂತೆ ಕ್ಷೇತ್ರ ಮೂರನೆಯ ಆಯ್ಕೆಯಾದ 1/r²ನ ಕಡೆಗೆ ಸಾಗುತ್ತದೆ. ಒಟ್ಟು ಆವೇಶವನ್ನು ಒಂದು ನ್ಯಾನೋಕೂಲಂನಲ್ಲೇ ಹಿಡಿದಿಟ್ಟು ಹೀಗೆ ಇಳಿಯುತ್ತ ಹೋದರೆ ಗೋಳದ ಆವೇಶವೆಲ್ಲ ಕೇಂದ್ರಕ್ಕೆ ಸರಿದು ಸೇರುತ್ತದೆ. ಸರಿಯಾಗಿ −3ರಲ್ಲಿ ಮಾತ್ರ ನಿಲ್ಲಲಾಗದು: ಅಲ್ಲಿ ಒಳಗಿನ ಆವೇಶವನ್ನು ಕೂಡಿಸ ಹೊರಟರೆ ಮೊತ್ತಕ್ಕೆ ಮಿತಿಯೇ ಇರುವುದಿಲ್ಲ. ಆದ್ದರಿಂದ ಘಾತನಿಯಮದಂತೆ ಹರಡಿದ ಯಾವ ಗೋಳವೂ ತನ್ನ ಒಳಗೆ 1/r² ಕ್ಷೇತ್ರವನ್ನು ಹೊತ್ತಿರಲಾರದು. ಅದು ಚುಕ್ಕೆಯಾಗಿ ಕುಗ್ಗಿದ ಆವೇಶಕ್ಕೆ, ಮತ್ತು ಗೋಳದ ಹೊರಗೆ ನಿಂತು ನೋಡುವವರಿಗೆ ಮಾತ್ರ ಸಿಗುವ ಉತ್ತರ.